ಕೆಂಪು ಶಾಯಿಯ ‘ಅನ್ನು’

ಪ್ರಥಮೆಗೆ ‘ಉ’, ದ್ವಿತೀಯೆಗೆ ‘ಅನ್ನು’, ತೃತೀಯೆಗೆ ‘ಇಂದ’ ಎಂದು ಮಕ್ಕಳು ರಾಗ ಎಳೆದು ಒಪ್ಪಿಸುವುದನ್ನು, ಮೇಷ್ಟ್ರೇ, ನೀವು ಎಷ್ಟು ವರ್ಷಗಳಿಂದ ಕೇಳುತ್ತಿದ್ದೀರೋ. ಪಂಚಮಿಗೆ ಬಂದಾಗ ಅವರು ‘ದೆಸೆಯಿಂದ’ ಎನ್ನುತ್ತಾರೆ. ಅದೇ ಮಗು ಸಂಜೆ ಮಂಡಿ ತರಚಿಕೊಂಡು ಮನೆಗೆ ಹೋಗಿ ‘ಮರದಿಂದ ಬಿದ್ದೆ’ ಎನ್ನುತ್ತದೆ. ‘ಮರದ ದೆಸೆಯಿಂದ ಬಿದ್ದೆ’ ಎಂದರೆ, ಆ ಮರವೇ ಏನೋ ಕಿತಾಪತಿ ಮಾಡಿತು ಎಂದು ಅಮ್ಮ ತಿಳಿದಾಳು. ಏಕೆಂದರೆ ‘ನಿನ್ನ ದೆಸೆಯಿಂದ ನಾನು ಬೈಸಿಕೊಂಡೆ’ ಎನ್ನುವಲ್ಲಿ ಆ ಮಾತು ಇಂದಿಗೂ ಬಳಕೆಯಲ್ಲಿದೆ, ಆದರೆ ಅಲ್ಲಿ ಅದು ಕಾರಣವನ್ನು ಹೇಳುತ್ತದೆ, ಅಗಲಿಕೆಯನ್ನಲ್ಲ.

ಹಾಗಾದರೆ ಈ ಪ್ರತ್ಯಯ ಕೋಷ್ಟಕಕ್ಕೆ ಬಂದದ್ದು ಹೇಗೆ? ಸಂಸ್ಕೃತದಲ್ಲಿ ಉಪಕರಣವನ್ನು ಹೇಳುವ ರೂಪ ಬೇರೆ, ಅಗಲಿಕೆಯನ್ನು ಹೇಳುವ ರೂಪ ಬೇರೆ. ಅದಕ್ಕೇ ಅಲ್ಲಿ ತೃತೀಯೆ, ಪಂಚಮಿ ಎಂದು ಎರಡು ಮನೆ. ಕನ್ನಡದಲ್ಲಿ ಕೊಡಲಿಯಿಂದ ಕಡಿಯುವುದೂ ಮರದಿಂದ ಇಳಿಯುವುದೂ ಒಂದೇ ‘ಇಂದ’. ಏಳು ವಿಭಕ್ತಿ ಇರಲೇಬೇಕು ಎಂದು ಹೊರಟವರಿಗೆ ಒಂದು ಮನೆ ಖಾಲಿ ಉಳಿಯಿತು, ಅದನ್ನು ತುಂಬಲು ‘ದೆಸೆಯಿಂದ’ ಬಂತು. ಇನ್ನೊಂದು ಕಡೆ, ದಿನಕ್ಕೆ ಹತ್ತು ಸಲ ಬಳಸುವ ‘ಗಿಂತ’ಕ್ಕೆ (‘ಅಣ್ಣನಿಗಿಂತ ತಮ್ಮ ಎತ್ತರ’) ಕೋಷ್ಟಕದಲ್ಲಿ ಜಾಗವೇ ಇಲ್ಲ. ಸಂಸ್ಕೃತದಲ್ಲಿ ಈ ಹೋಲಿಕೆಯ ಕೆಲಸವನ್ನು ಪಂಚಮಿಯೇ ಮಾಡುವುದರಿಂದ ಪ್ರತ್ಯೇಕ ಸಾಲು ಬೇಕಾಗಿರಲಿಲ್ಲ. ನಮಗೆ ಬೇಕಿತ್ತು, ಯಾರೂ ಸೇರಿಸಲಿಲ್ಲ.

ಇದರ ತಪ್ಪನ್ನು ಕೇಶಿರಾಜನ ತಲೆಗೆ ಕಟ್ಟುವುದು ಈಗ ರೂಢಿಯಾಗಿದೆ. ನನಗೆ ಅದು ಅರ್ಧ ಮಾತ್ರ ನ್ಯಾಯ ಅನಿಸುತ್ತದೆ. ಸುಮಾರು 1260ರ ಹೊತ್ತಿಗೆ ಅವನು ‘ಶಬ್ದಮಣಿದರ್ಪಣ’ ಬರೆದಾಗ ಏಳು ವಿಭಕ್ತಿಯ ಚೌಕಟ್ಟನ್ನು ಸಂಸ್ಕೃತದಿಂದಲೇ ತೆಗೆದುಕೊಂಡ, ಪಂಚಮಿಗೆ ‘ಅತ್ತಣಿಂ’ ಎಂಬುದನ್ನು ಹೇಳಿದ, ಇದು ನಿಜ. ಆದರೆ ಅವನಿಗಿಂತ ಮೊದಲು ನಾಗವರ್ಮನೂ ಅವನ ನಂತರ 1604ರಲ್ಲಿ ಭಟ್ಟಾಕಳಂಕನೂ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದಿದ್ದರೆ, ಕೇಶಿರಾಜ ಕನ್ನಡ ಕಂದಪದ್ಯಗಳಲ್ಲಿ ಬರೆದ. ಅದಕ್ಕಿಂತ ಮುಖ್ಯವಾಗಿ, ಅಸಗ, ಶ್ರೀವಿಜಯ, ಪೊನ್ನ, ಪಂಪ ಮೊದಲಾದ ಕವಿಗಳನ್ನು ಆರಂಭದಲ್ಲೇ ಹೆಸರಿಸಿ, ಇವರು ನಡೆದ ದಾರಿಯೇ ನನ್ನ ಲಕ್ಷ್ಯ ಎಂದ. ಸೂತ್ರ ಹೇಳಿ ಕೈತೊಳೆದುಕೊಳ್ಳದೆ ಕಾವ್ಯಗಳಿಂದ ಪ್ರಯೋಗಗಳನ್ನು ಎತ್ತಿ ಕೊಟ್ಟ. ಬಳಕೆಯನ್ನು ನೋಡಿ ನಿಯಮ ಹೇಳುವ ಕೆಲಸ ನಮ್ಮಲ್ಲಿ ಆಗಲೇ ಶುರುವಾಗಿತ್ತು ಎಂದಾಯಿತು.

ಅವನಿಗೂ ಮಿತಿ ಇತ್ತು. ಅವನು ನೋಡಿದ್ದು ಕಾವ್ಯವನ್ನು ಮಾತ್ರ, ಅದೂ ಬಹುಪಾಲು ತನಗಿಂತ ಹಿಂದಿನವರದು. ಪಂಪನಿಗೂ ಅವನಿಗೂ ನಡುವೆ ಮೂರು ಶತಮಾನ. ಆ ಹೊತ್ತಿಗೆ ಆಡುವ ಕನ್ನಡ ಹಳಗನ್ನಡದಿಂದ ಬಹಳ ದೂರ ಬಂದಿತ್ತು. ಆದರೂ ಪರಂಪರೆ ಎಡವಿದ್ದು ಅವನ ನಂತರ ಎಂದೇ ನನ್ನ ಅಭಿಪ್ರಾಯ. ಮುಂದಿನವರು ಅವನ ಚೌಕಟ್ಟನ್ನು ಉಳಿಸಿಕೊಂಡರು, ಅವನ ಕೆಲಸವನ್ನು ಬಿಟ್ಟರು. ಪ್ರತ್ಯಯಗಳ ರೂಪವನ್ನು ಹೊಸಗನ್ನಡಕ್ಕೆ ಬದಲಾಯಿಸಿದರು, ‘ಒಳ್’ ಇದ್ದಲ್ಲಿ ‘ಅಲ್ಲಿ’ ಬಂತು, ‘ಅತ್ತಣಿಂ’ ಇದ್ದಲ್ಲಿ ‘ದೆಸೆಯಿಂದ’ ಬಂತು. ಹೊಸಗನ್ನಡ ಬರೆಯುವವರು ಅವುಗಳನ್ನು ಎಲ್ಲಿ ಹಚ್ಚುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಮಾತ್ರ ಹೊಸದಾಗಿ ನೋಡಲಿಲ್ಲ. ಬಳಕೆ ಕೋಷ್ಟಕಕ್ಕೆ ಒಗ್ಗದಿದ್ದರೆ ಅದಕ್ಕೂ ಒಂದು ಹೆಸರು ಸಿದ್ಧವಿತ್ತು: ವಿಭಕ್ತಿ ಪಲ್ಲಟ. ‘ಬೆಟ್ಟಕ್ಕೆ ಹತ್ತಿದನು’ ಎಂಬಲ್ಲಿ ‘ಬೆಟ್ಟವನ್ನು’ ಇರಬೇಕಿತ್ತು, ಪಲ್ಲಟವಾಗಿದೆ ಎಂದು ವಿವರಣೆ. ಕನ್ನಡದ ‘ಹತ್ತು’ ಎಂಬ ಕ್ರಿಯಾಪದ ಎರಡನ್ನೂ ಒಪ್ಪುತ್ತದೆ ಎಂದಿದ್ದರೆ ಸಾಕಿತ್ತು.

ಬಿಡುವುದು, ಹಚ್ಚುವುದು ಎಂದೆನಲ್ಲ, ನಿಜವಾದ ವಿಷಯ ಇರುವುದು ಅಲ್ಲೇ. ಕರ್ಮಪದಕ್ಕೆ ‘ಅನ್ನು’ ಹಚ್ಚಬೇಕು ಎನ್ನುವುದು ಪಾಠ. ಬಿಟ್ಟರೆ ಆಡುಮಾತಿನ ಸಡಿಲಿಕೆ ಎನ್ನುವುದು ಸ್ಟಾಫ್ ರೂಮಿನ ಸಾಮಾನ್ಯ ತಿಳಿವಳಿಕೆ. ಆದರೆ ಅದು ಸಡಿಲಿಕೆಯಾಗಿದ್ದರೆ ಎಲ್ಲಿ ಬೇಕಾದರೂ ಬಿಡಬಹುದಿತ್ತು. ‘ನೀರು ಕುಡಿದೆ’ ಎನ್ನುತ್ತೇವೆ, ‘ತಂಗಿ ಕರೆದೆ’ ಎನ್ನಲು ಸಾಧ್ಯವಿಲ್ಲ. ಎಷ್ಟೇ ಅವಸರದಲ್ಲಿದ್ದರೂ, ಓದು ಬರಹ ತಿಳಿಯದವರಾದರೂ ‘ತಂಗೀನ ಕರೆದೆ’ ಎಂದೇ ಅನ್ನುತ್ತಾರೆ. ಅಂದರೆ ಬಿಡುವುದಕ್ಕೂ ನಿಯಮವಿದೆ.

ಆ ನಿಯಮವನ್ನು ನಾನು ಕಂಡಂತೆ ಹೇಳುತ್ತೇನೆ. ಮನುಷ್ಯರ ಹೆಸರು, ನಾನು ನೀನು ಅವನು ಎಂಬಂಥ ಸರ್ವನಾಮ ಕರ್ಮವಾದರೆ ‘ಅನ್ನು’ ಬೇಕೇ ಬೇಕು. ಜೀವವಿಲ್ಲದ ವಸ್ತುವಾದರೆ, ಅದು ಯಾವುದೋ ಒಂದೋ, ಇಂಥದ್ದೇ ಒಂದೋ ಎಂಬುದರ ಮೇಲೆ ನಿಂತಿದೆ. ‘ರಾತ್ರಿ ಪುಸ್ತಕ ಓದಿದೆ’ ಎಂದರೆ ಓದುವುದರಲ್ಲಿ ಹೊತ್ತು ಕಳೆದೆ ಎಂದು. ‘ರಾತ್ರಿ ಪುಸ್ತಕವನ್ನು ಓದಿದೆ’ ಎಂದರೆ ನೀವು ಕೊಟ್ಟಿದ್ದ ಪುಸ್ತಕ, ಅಥವಾ ಮೊದಲೇ ಮಾತಿಗೆ ಬಂದ ಪುಸ್ತಕ. ಇಂಗ್ಲಿಷು ಒಂದು ಪುಟ್ಟ ಪದವನ್ನು ನಾಮಪದದ ಮೊದಲು ಇಟ್ಟು ಮಾಡುವ ಕೆಲಸದಲ್ಲಿ ಸ್ವಲ್ಪವನ್ನು ಕನ್ನಡ ಈ ಪ್ರತ್ಯಯದಿಂದ ಮಾಡಿಸುತ್ತದೆ. ಇದನ್ನು ತೋರಿಸಲು ಮದುವೆ ಮನೆಯ ಮಾತಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ‘ಮಗಳಿಗೆ ಗಂಡು ಹುಡುಕುತ್ತಿದ್ದಾರೆ’ ಎಂಬ ವಾಕ್ಯದಲ್ಲಿ ಗಂಡು ಇನ್ನೂ ಯಾರೆಂದು ಗೊತ್ತಾಗಿಲ್ಲ. ಮನುಷ್ಯನೇ ಆದರೂ ಇಲ್ಲಿ ‘ಅನ್ನು’ ಬೇಡ. ‘ಗಂಡನ್ನು ಹುಡುಕುತ್ತಿದ್ದಾರೆ’ ಎಂದರೆ ಗಂಡು ಗೊತ್ತಾಗಿದೆ, ಮುಹೂರ್ತದ ಹೊತ್ತಿಗೆ ಪುಣ್ಯಾತ್ಮ ಕಾಣಿಸುತ್ತಿಲ್ಲ ಎಂದು.

ನುಡಿಗಟ್ಟುಗಳಲ್ಲಂತೂ ಪ್ರತ್ಯಯ ಸೇರಿದರೆ ಅರ್ಥವೇ ಹೋಗುತ್ತದೆ. ‘ಸಮಯಕ್ಕೆ ಸರಿಯಾಗಿ ಕೈ ಕೊಟ್ಟ’ ಎಂದರೆ ಮೋಸ. ‘ಕೈಯನ್ನು ಕೊಟ್ಟ’ ಎಂದರೆ ಎಬ್ಬಿಸಲು ಕೈ ಚಾಚಿದ ಎಂದಾಗುತ್ತದೆ.

ಈಗ ಒಂದು ನೋಟ್‌ಬುಕ್ಕನ್ನು ತಿದ್ದೋಣ. ಆರನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಾಳೆ ಎಂದಿಟ್ಟುಕೊಳ್ಳಿ: ‘ನಾನು ಅಜ್ಜಿ ಜೊತೆ ಸಂತೆಗೆ ಹೋದೆ. ಅಜ್ಜಿ ಬದನೆಕಾಯಿ ತಗೊಂಡ್ಲು. ಒಂದು ನಾಯಿ ಬಂದು ಬುಟ್ಟಿ ಮೂಸಿತು. ಅಜ್ಜಿ ನಾಯಿನ ಓಡಿಸಿದ್ಲು. ಆಮೇಲೆ ಮಂಡಕ್ಕಿ ತಿಂದ್ವಿ.’

ಕೋಷ್ಟಕವನ್ನು ನಂಬಿದ ಕೆಂಪು ಶಾಯಿ ಇದನ್ನು ಹೀಗೆ ಮಾಡುತ್ತದೆ: ‘ನಾನು ಅಜ್ಜಿಯ ಜೊತೆಯಲ್ಲಿ ಸಂತೆಗೆ ಹೋದೆನು. ಅಜ್ಜಿಯು ಬದನೆಕಾಯಿಯನ್ನು ತೆಗೆದುಕೊಂಡಳು. ಒಂದು ನಾಯಿಯು ಬಂದು ಬುಟ್ಟಿಯನ್ನು ಮೂಸಿತು. ಅಜ್ಜಿಯು ನಾಯಿಯನ್ನು ಓಡಿಸಿದಳು. ಆಮೇಲೆ ಮಂಡಕ್ಕಿಯನ್ನು ತಿಂದೆವು.’

ಇದರಲ್ಲಿ ಬೇರೆ ಬೇರೆ ಜಾತಿಯ ತಿದ್ದುಪಡಿಗಳು ಒಂದೇ ಬಣ್ಣದಲ್ಲಿ ಬೆರೆತಿವೆ. ‘ತಗೊಂಡ್ಲು’, ‘ಓಡಿಸಿದ್ಲು’, ‘ತಿಂದ್ವಿ’ ಇವು ಅವಳ ಊರಿನ ಮಾತಿನ ರೂಪಗಳು. ಎಲ್ಲ ಜಿಲ್ಲೆಯವರೂ ಓದುವ ಬರಹಕ್ಕೆ ಒಂದು ಒಪ್ಪಿತ ರೂಪ ಬೇಕು, ಅದನ್ನು ಕಲಿಸುವುದು ನಿಮ್ಮ ಕೆಲಸ. ಅಲ್ಲಿ ತಿದ್ದಿ. ‘ನಾಯಿನ’ ಎಂಬುದನ್ನೂ ‘ನಾಯಿಯನ್ನು’ ಎಂದು ತಿದ್ದಿ, ಆದರೆ ಒಂದನ್ನು ಗಮನಿಸಿ: ವಿಭಕ್ತಿ ಅವಳಿಗೆ ಗೊತ್ತಿದೆ. ಎರಡನೆಯ ಸಲ ಬಂದ ನಾಯಿ, ಈಗ ಗೊತ್ತಿರುವ ನಾಯಿ, ಅಲ್ಲಿಗೆ ಪ್ರತ್ಯಯ ಬೇಕು ಎಂದು ಯಾರೂ ಹೇಳಿಕೊಡದೆ ಹಚ್ಚಿದ್ದಾಳೆ. ಬದನೆಕಾಯಿಗೆ ಮಂಡಕ್ಕಿಗೆ ಬೇಡ ಎಂದು ಬಿಟ್ಟಿದ್ದಾಳೆ. ಕೋಷ್ಟಕಕ್ಕೆ ಗೊತ್ತಿಲ್ಲದ ವ್ಯತ್ಯಾಸ ಅವಳಿಗೆ ಗೊತ್ತಿದೆ.

ಬುಟ್ಟಿ ಮಾತ್ರ ಎರಡೂ ಕಡೆ ಸಲ್ಲುತ್ತದೆ. ಅಜ್ಜಿಯ ಕೈಯಲ್ಲಿದ್ದ ಇಂಥದ್ದೇ ಬುಟ್ಟಿ ಆದ್ದರಿಂದ ‘ಬುಟ್ಟಿಯನ್ನು’ ಎಂದರೆ ವಾಕ್ಯ ಬಿಗಿಯಾಗುತ್ತದೆ, ಬಿಟ್ಟರೆ ತಪ್ಪಲ್ಲ. ಬದನೆಕಾಯಿಗೂ ಮಂಡಕ್ಕಿಗೂ ಸೇರಿಸಿದ ‘ಅನ್ನು’ ಕೇಡು ಮಾಡುತ್ತದೆ. ‘ಮಂಡಕ್ಕಿಯನ್ನು ತಿಂದೆವು’ ಎಂದಾಗ, ಯಾವ ಮಂಡಕ್ಕಿ, ಮೊದಲೇ ಹೇಳಿರಲಿಲ್ಲವಲ್ಲ ಎಂದು ಓದುಗ ಹಿಂದಿನ ಸಾಲಿಗೆ ಹೋಗಿ ಹುಡುಕಬೇಕಾಗುತ್ತದೆ. ‘ಅಜ್ಜಿಯು’ ಎಂಬ ಉಕಾರವೂ ‘ಹೋದೆನು’ ಎಂಬ ಬಾಲವೂ ತಪ್ಪಲ್ಲ, ಅವು ಗಾಂಭೀರ್ಯದ ವೇಷ. ಕಾನೂನಿನ ಬರಹದಲ್ಲೋ ಪುರಾಣದ ಕತೆಯಲ್ಲೋ ಒಪ್ಪುತ್ತವೆ, ಸಂತೆಗೆ ಹೊರಟ ಹುಡುಗಿಗೆ ಒಪ್ಪುವುದಿಲ್ಲ. ಕೆಲವು ದೊಡ್ಡವರ ಬರಹ ಓದುವಾಗ ಉಸಿರು ಕಟ್ಟುವುದಕ್ಕೂ ಶಾಲೆಯಲ್ಲಿ ಹೊಲಿಸಿಕೊಂಡ ಈ ವೇಷವೇ ಕಾರಣ ಎಂಬುದು ನನ್ನ ಗುಮಾನಿ.

ತಿದ್ದುವಾಗ ನೆರವಾಗುವ ಒಂದು ಪರೀಕ್ಷೆ ಇದೆ. ಕರ್ಮಪದದ ಮುಂದೆ ‘ಯಾವ?’ ಎಂದು ಕೇಳಿ ನೋಡಿ. ಹಿಂದಿನ ಸಾಲಿನಲ್ಲೋ ಸಂದರ್ಭದಲ್ಲೋ ಉತ್ತರವಿದ್ದರೆ ‘ಅನ್ನು’ ಒಪ್ಪುತ್ತದೆ, ಪ್ರಶ್ನೆಯೇ ಅಸಂಬದ್ಧ ಅನಿಸಿದರೆ ಬಿಡಿ. ಇದೂ ಎಲ್ಲ ಕಡೆ ನಡೆಯುವುದಿಲ್ಲ. ‘ಸುಳ್ಳನ್ನು ದ್ವೇಷಿಸು’ ಎಂಬಲ್ಲಿ ಯಾವ ಸುಳ್ಳು ಎಂದು ಕೇಳುವುದು ಅಸಂಬದ್ಧವೇ, ಆದರೂ ‘ಸುಳ್ಳು ದ್ವೇಷಿಸು’ ಎನ್ನಲಾಗದು. ಪ್ರೀತಿಸು, ದ್ವೇಷಿಸು, ಗೌರವಿಸು ಎಂಬಂಥ ಮನಸ್ಸಿನ ಕ್ರಿಯೆಗಳು ಪ್ರತ್ಯಯವನ್ನು ಬಿಟ್ಟುಕೊಡುವುದಿಲ್ಲ. ಕರ್ಮಪದ ಕ್ರಿಯಾಪದದಿಂದ ದೂರ ಸರಿದರೂ ಬರಹದಲ್ಲಿ ‘ಅನ್ನು’ ಬೇಕಾಗುತ್ತದೆ. ಎದುರು ನಿಂತು ಆಡುವಾಗ ದನಿಯ ಏರಿಳಿತ ಸಂಬಂಧವನ್ನು ಹಿಡಿದಿಟ್ಟಿರುತ್ತದೆ, ಕಾಗದದ ಮೇಲೆ ಆ ಸೌಕರ್ಯ ಇಲ್ಲ. ಬಳಕೆ ಎಂದರೆ ಆಡಿದ್ದನ್ನೆಲ್ಲ ಹಾಗೇ ಬರೆಯುವುದು ಎಂದು ವಾದಿಸುವವರ ಜೊತೆ ನಾನಿಲ್ಲದಿರುವುದು ಈ ಕಾರಣಕ್ಕೆ.

ಈ ಕೋಷ್ಟಕದ ಪರಂಪರೆಗೆ ದೊಡ್ಡ ಏಟು ಕೊಟ್ಟವರು ಡಿ.ಎನ್. ಶಂಕರ ಬಟ್ಟರು. 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರಿನಲ್ಲೇ ಅವರ ತಕರಾರು ಇದೆ. ನಾವು ವ್ಯಾಕರಣ ಎಂದು ಕಲಿಸುತ್ತಿರುವುದು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದದ್ದು ಎಂಬ ಅವರ ರೋಗನಿದಾನವನ್ನು ನಾನು ಪೂರ್ತಿ ಒಪ್ಪುತ್ತೇನೆ. ಚಿಕಿತ್ಸೆಯ ವಿಷಯದಲ್ಲಿ ನನಗೆ ಅನುಮಾನವಿದೆ. ನಾಮಪದಕ್ಕೆ ‘ಹೆಸರುಪದ’, ಕ್ರಿಯಾಪದಕ್ಕೆ ‘ಎಸಕಪದ’ ಎಂಬ ಹೊಸ ಹೆಸರುಗಳೂ ಮಹಾಪ್ರಾಣ ಬಿಡಬೇಕೆಂಬ ಸಲಹೆಯೂ ಜನರ ಗಮನವನ್ನೆಲ್ಲ ಎಳೆದುಕೊಂಡವು. ಪತ್ರಿಕೆಗಳಲ್ಲಿ ಜಗಳ ನಡೆದದ್ದು ಅಕ್ಷರಗಳ ಬಗ್ಗೆ. ವಾಕ್ಯ ಕಟ್ಟುವ ಬಗ್ಗೆ ಅವರು ಹೇಳಿದ್ದು, ನಿಮ್ಮಂಥ ಮೇಷ್ಟ್ರಿಗೆ ನಿಜವಾಗಿ ಬೇಕಾಗಿದ್ದದ್ದು, ಆ ಗದ್ದಲದಲ್ಲಿ ತರಗತಿಯವರೆಗೆ ಬರಲಿಲ್ಲ. ಎಸಕಪದ ಎಂದು ಕರೆದರೂ ಕೋಷ್ಟಕ ಅದೇ ಉಳಿದರೆ ಮಗುವಿಗೆ ಆದ ಲಾಭ ಏನು?

ಹಾಗೆಂದು ಕೋಷ್ಟಕವನ್ನು ಹರಿದು ಹಾಕಿ ಎನ್ನಲಾರೆ. ಹತ್ತನೆಯ ತರಗತಿಗೆ ಹೋಗುವ ಹೊತ್ತಿಗೆ ಮಕ್ಕಳು ಹಳಗನ್ನಡದ ಪದ್ಯ ಓದಬೇಕು. ಅಲ್ಲಿ ‘ಇಂದೆ’, ‘ಒಳ್’ ಕಂಡಾಗ ಬಿಡಿಸಿಕೊಳ್ಳಲು ಅದು ಒಳ್ಳೆಯ ಕೀಲಿಕೈ, ಕೇಶಿರಾಜನೂ ಅಂಥದ್ದಕ್ಕೇ ಮಾಡಿದ್ದು. ಪರೀಕ್ಷೆಯಲ್ಲಿ ಪಂಚಮಿ ಕೇಳಿದರೆ ‘ದೆಸೆಯಿಂದ’ ಎಂದೇ ಬರೆಯಲಿ, ಅಂಕ ಏಕೆ ಕಳೆದುಕೊಳ್ಳಬೇಕು? ಆದರೆ ಪಾಠದ ದಿನ ಕಪ್ಪುಹಲಗೆಯ ಮೇಲೆ ‘ಮರದಿಂದ ಬಿದ್ದೆ’, ‘ಕೊಡಲಿಯಿಂದ ಕಡಿದೆ’, ‘ನಿನ್ನ ದೆಸೆಯಿಂದ ಬೈಸಿಕೊಂಡೆ’ ಎಂಬ ಮೂರನ್ನು ಬರೆದು, ಯಾವೆರಡು ಒಂದೇ ಬಗೆ ಎಂದು ಮಕ್ಕಳನ್ನೇ ಕೇಳಿ. ನಂತರ ಪ್ರಬಂಧದ ಪುಸ್ತಕಗಳನ್ನು ತಿದ್ದುವಾಗ ಎರಡು ಬಣ್ಣದ ಪೆನ್ನು ಇಟ್ಟುಕೊಳ್ಳಿ: ಬರಹದ ರೂಪಕ್ಕೆ ತರಬೇಕಾದ ‘ತಿಂದ್ವಿ’, ‘ನಾಯಿನ’ ಇಂಥವಕ್ಕೆ ಒಂದು, ವಾಕ್ಯವೇ ಕೆಟ್ಟಿದ್ದರೆ ಇನ್ನೊಂದು. ಕನ್ನಡ ಮನೆಮಾತಾದ ಮಕ್ಕಳ ಪುಸ್ತಕದಲ್ಲಿ ಎರಡನೆಯ ಬಣ್ಣ ಕಡಿಮೆ ಕಾಣುತ್ತದೆ. ತುಳು, ಕೊಂಕಣಿ, ಉರ್ದು, ತೆಲುಗು ಮನೆಯ ಮಕ್ಕಳಲ್ಲಿ ಅದು ಹೆಚ್ಚು ಕಂಡರೆ, ‘ಅನ್ನು’ ಯಾವಾಗ ಬೇಕು ಎಂಬ ಪಾಠವನ್ನು ಅವರಿಗೆ ಬೇರೆಯಾಗಿ, ನಿಧಾನವಾಗಿ, ಗಂಡು ಹುಡುಕುವ ಉದಾಹರಣೆಯಿಂದಲೇ ಶುರು ಮಾಡಬಹುದು.