ಬದುಕಿದ್ದಾಗ ಲೆಕ್ಕಕ್ಕಿಲ್ಲ, ಸತ್ತಾಗ ಶತ್ರು

1966ರ ಆಗಸ್ಟ್‌ನಲ್ಲಿ ಸಿಐಎ ವಿಶ್ಲೇಷಕ ಸ್ಯಾಮ್ ಆಡಮ್ಸ್ ಅವರ ಕೈಗೆ ವಿಯೆಟ್ ಕಾಂಗ್ ದಾಖಲೆಯೊಂದರ ಅನುವಾದ ಬಂತು. ದಕ್ಷಿಣ ವಿಯೆಟ್ನಾಮಿನ ಬಿನ್ ಡಿನ್ ಪ್ರಾಂತ್ಯವೊಂದರಲ್ಲೇ ಗೆರಿಲ್ಲಾಗಳೂ ಹಳ್ಳಿ ಕಾವಲುಪಡೆಯವರೂ ಸೇರಿ ಸುಮಾರು 50,000 ಜನರಿದ್ದಾರೆ ಎಂದು ಶತ್ರುವೇ ಬರೆದುಕೊಂಡಿದ್ದ. ಅದೇ ಪ್ರಾಂತ್ಯಕ್ಕೆ ಅಮೆರಿಕದ ಸೇನೆ ತನ್ನ ಪಟ್ಟಿಯಲ್ಲಿ ಹಾಕಿದ್ದ ಸಂಖ್ಯೆ ಸುಮಾರು 4,500. ಇಷ್ಟು ದೊಡ್ಡ ಅಂತರ ಬೇಹುಗಾರಿಕೆ ಸೋತಿದ್ದರಿಂದ ಹುಟ್ಟಿದ್ದಲ್ಲ. ಮಾಹಿತಿ ಸಿಕ್ಕಿತ್ತು, ಅದನ್ನು ಬರೆದುಕೊಳ್ಳಲು ಪಟ್ಟಿಯಲ್ಲಿ ಜಾಗವಿರಲಿಲ್ಲ.

ಸೇನೆಯವರು ‘ಆರ್ಡರ್ ಆಫ್ ಬ್ಯಾಟಲ್’ ಎನ್ನುವ ಈ ಪಟ್ಟಿ ತಯಾರಾಗುವುದು ತುಕಡಿಗಳ ಲೆಕ್ಕದಲ್ಲಿ. ಸೆರೆಸಿಕ್ಕವರ ಹೇಳಿಕೆ, ಸತ್ತವರ ಜೇಬಿನ ಕಾಗದ, ಕದ್ದು ಕೇಳಿದ ರೇಡಿಯೊ ಸಂದೇಶ, ಇವೆಲ್ಲ ಒಂದೇ ಬೆಟಾಲಿಯನ್ನಿನ ಕಡೆ ಬೆರಳು ಮಾಡಿದಾಗ ಅದಕ್ಕೊಂದು ಸಾಲು ಸಿಗುತ್ತದೆ. ಆಮೇಲೆ ಅದರ ಬಲ ಇಷ್ಟಿರಬಹುದೆಂದು ಅಂದಾಜಿಸಿ ಎಲ್ಲವನ್ನೂ ಕೂಡುತ್ತಾರೆ. ಹೆಸರು, ಸಂಖ್ಯೆ, ದಳಪತಿ ಇರುವ ಸೈನ್ಯಕ್ಕೆ ಇದು ಒಳ್ಳೆಯ ವಿಧಾನವೇ. ಆದರೆ ಹಗಲು ಗದ್ದೆಯಲ್ಲಿದ್ದು ರಾತ್ರಿ ದಾರಿಯಲ್ಲಿ ನೆಲಬಾಂಬು ಹೂಳುವವನಿಗೆ ಬೆಟಾಲಿಯನ್ ಎಲ್ಲಿಂದ ಬರಬೇಕು? ಅಂಥವರ ಲೆಕ್ಕವನ್ನು ಅಮೆರಿಕನ್ನರು ದಕ್ಷಿಣ ವಿಯೆಟ್ನಾಮಿನ ಅಧಿಕಾರಿಗಳಿಂದ ಪಡೆದಿದ್ದರು. ಯುದ್ಧ ವರ್ಷದಿಂದ ವರ್ಷಕ್ಕೆ ಹಿಗ್ಗಿದರೂ ಆ ಹಳೆಯ ಅಂಕಿ ಹಾಗೇ ಕೂತಿತ್ತು. ಒಟ್ಟು ಪಟ್ಟಿ 2,80,000ದ ಆಸುಪಾಸಿನಲ್ಲಿತ್ತು. ಉಳಿದ ಪ್ರಾಂತ್ಯಗಳ ಕಾಗದಗಳನ್ನೂ ಕೆದಕಿದ ಆಡಮ್ಸ್ ಅದು ದುಪ್ಪಟ್ಟಾಗಬೇಕೆಂದು ವಾದಿಸಿದರು.

ಮರುವರ್ಷ ಸಿಐಎಗೂ ಸೇನೆಗೂ ನಡುವಿನ ಜಗಳ ಬಿಗಿಯಾಯಿತು. ವಿಯೆಟ್ನಾಮಿನಲ್ಲಿ ಅಮೆರಿಕದ ಸೇನಾಪತಿಯಾಗಿದ್ದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ನಡೆಸುತ್ತಿದ್ದದ್ದು ಶತ್ರುವನ್ನು ಸವೆಸುವ ಯುದ್ಧ: ಶತ್ರು ತುಂಬಿಕೊಳ್ಳುವುದಕ್ಕಿಂತ ಹೆಚ್ಚು ಜನರನ್ನು ಕೊಂದರೆ ಒಂದು ದಿನ ಸಂಖ್ಯೆ ಕುಸಿಯಲೇಬೇಕು. ಹೀಗಾಗಿ ಶತ್ರುಬಲದ ಅಂಕಿಯೇ ಸೇನಾಪತಿಯ ಕೆಲಸಕ್ಕೆ ಅಂಕಪಟ್ಟಿಯಾಯಿತು. ಆ ಅಂಕಿಯನ್ನು ಬರೆಯುವವರು ಅವರದೇ ಕೈಕೆಳಗಿನ ಅಧಿಕಾರಿಗಳು. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಯಾರೊಬ್ಬರ ಅಪ್ರಾಮಾಣಿಕತೆಗಿಂತ ಈ ವ್ಯವಸ್ಥೆಯೇ ಹೆಚ್ಚು ಅಪಾಯಕಾರಿ. 1967ರ ಆಗಸ್ಟ್‌ನಲ್ಲಿ ಉಪಸೇನಾಪತಿ ಕ್ರೈಟನ್ ಏಬ್ರಮ್ಸ್ ಕಳಿಸಿದ ತಂತಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು: ಹಳ್ಳಿಯ ಆತ್ಮರಕ್ಷಣಾ ಪಡೆಗಳನ್ನು ಸೇರಿಸಿದರೆ ಮೊತ್ತ ಏರುತ್ತದೆ, ಪತ್ರಿಕೆಗಳು ನಿರಾಶೆಯ ತೀರ್ಮಾನಕ್ಕೆ ಬರುತ್ತವೆ. ಶತ್ರು ಎಷ್ಟಿದ್ದಾನೆ ಎಂಬ ಪ್ರಶ್ನೆಗೆ ಪತ್ರಿಕೆ ಏನು ಬರೆದೀತು ಎಂಬುದು ಉತ್ತರವಾಗಲಾರದು.

ಸೇನೆಯ ವಾದದಲ್ಲಿ ತಿರುಳೇ ಇರಲಿಲ್ಲ ಎನ್ನುವುದು ಅನ್ಯಾಯವಾದೀತು. ಆ ಪಡೆಗಳಲ್ಲಿ ಮುದುಕರಿದ್ದರು, ಹೆಂಗಸರಿದ್ದರು, ಹುಡುಗರಿದ್ದರು. ಎಷ್ಟೋ ಜನರ ಕೈಯಲ್ಲಿ ಬಂದೂಕೂ ಇರಲಿಲ್ಲ. ಅವರನ್ನು ಹನೋಯಿಯಿಂದ ಬಂದ ಸೈನಿಕರ ಜೊತೆ ಒಂದೇ ಮೊತ್ತದಲ್ಲಿ ಕೂಡಿದರೆ ಅದೂ ತಪ್ಪು ಚಿತ್ರವೇ. ಆದರೆ ನೆಲಬಾಂಬು ಮತ್ತು ಬಿದಿರು ಮೊಳೆಯ ಗುಂಡಿಗಳಲ್ಲಿ ಅವರ ಕೈಯಿತ್ತು, ಅಮೆರಿಕದ ಸೈನಿಕರು ಅವುಗಳಿಂದ ಸಾಯುತ್ತಲೂ ಇದ್ದರು. ಇನ್ನೂ ಕೆಟ್ಟದ್ದು ಬೇರೆ ಇದೆ. ಇಂಥವರು ಗುಂಡೇಟಿಗೆ ಬಿದ್ದರೆ ಆ ಹೆಣ ಕೊಂದ ಶತ್ರುಗಳ ಲೆಕ್ಕ ಸೇರುತ್ತಿತ್ತು. ಕೂಡುವಾಗ ಬಿಟ್ಟವರನ್ನು ಕಳೆಯುವಾಗ ಸೇರಿಸಿದರೆ ಯಾವ ಸೈನ್ಯವಾದರೂ ಕಾಗದದ ಮೇಲೆ ಕರಗಿಹೋಗುತ್ತದೆ.

ನವೆಂಬರಿನಲ್ಲಿ ಹೊರಬಂದ ಅಂತಿಮ ಅಂದಾಜಿನಲ್ಲಿ ಸಿಐಎ ಮಣಿದಿತ್ತು. ಸೇನಾಬಲ 2,23,000ದಿಂದ 2,48,000 ಎಂದಿತು. ರಾಜಕೀಯ ಕಾರ್ಯಕರ್ತರನ್ನು ಬೇರೆ ತೆಗೆದಿಟ್ಟಿತು. ಹಳ್ಳಿಯ ಪಡೆಗಳ ಬಗ್ಗೆ ಮಾತಿತ್ತು, ಸಂಖ್ಯೆ ಇರಲಿಲ್ಲ. ಹಿಂದಿನ ಮೊತ್ತದ ಪಕ್ಕ ಇದನ್ನಿಟ್ಟು ಓದಿದವರಿಗೆ ಶತ್ರು ಕ್ಷೀಣಿಸಿದಂತೆ ಕಂಡರೆ ಆಶ್ಚರ್ಯವಿಲ್ಲ. ಕ್ಷೀಣಿಸಿದ್ದು ಪಟ್ಟಿಯ ಅಂಕಣಗಳು. ಪ್ರತಿ ಬಗೆಯ ಪಡೆಗೂ ಬೇರೆ ಬೇರೆ ಸಾಲು, ಪ್ರತಿ ಸಾಲಿಗೂ ಕನಿಷ್ಠ ಗರಿಷ್ಠ ಅಂದಾಜು ಕೊಟ್ಟಿದ್ದರೆ ಸೇನೆಯ ಆಕ್ಷೇಪವೂ ಉಳಿಯುತ್ತಿತ್ತು, ಆಡಮ್ಸ್ ಕಂಡ ಸತ್ಯವೂ ಉಳಿಯುತ್ತಿತ್ತು.

1968ರ ಜನವರಿ ಕೊನೆಯಲ್ಲಿ ಟೆಟ್ ಹಬ್ಬದ ದಾಳಿ ದಕ್ಷಿಣದ ಊರೂರುಗಳಲ್ಲಿ ಸಿಡಿಯಿತು. ಅದು ಆಡಮ್ಸ್ ಹೇಳಿದ ಪ್ರತಿ ಅಂಕಿಯನ್ನೂ ಸಾಬೀತು ಮಾಡಲಿಲ್ಲ. ದಾಳಿಯ ಭಾರ ಹೊತ್ತವರು ಬಹುಪಾಲು ಸಂಘಟಿತ ತುಕಡಿಗಳೇ. ಆದರೆ ಮಾರ್ಚ್ ತಿಂಗಳಲ್ಲಿ ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಜನರಲ್ ಒಬ್ಬರು ಸತ್ತ ಶತ್ರುಗಳ ಸಂಖ್ಯೆಯನ್ನು ವಿವರಿಸಿದಾಗ, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಆರ್ಥರ್ ಗೋಲ್ಡ್‌ಬರ್ಗ್ ಒಬ್ಬ ಸತ್ತರೆ ಎಷ್ಟು ಜನ ಗಾಯಗೊಳ್ಳುತ್ತಾರೆಂದು ಕೇಳಿದರು. ಉತ್ತರ ಬಂದ ಮೇಲೆ ಕಣದಲ್ಲಿ ಒಟ್ಟು ಎಷ್ಟು ಜನರಿದ್ದರೆಂದು ಕೇಳಿದರು. ಅವರು ಗುಣಿಸಿ ನೋಡಿದರೆ, ಸೇನೆಯದೇ ಅಂಕಿಗಳ ಪ್ರಕಾರ, ಹೋರಾಡಲು ಅಲ್ಲಿ ಯಾರೂ ಉಳಿದಿರಬಾರದಿತ್ತು.