ಕ್ರಿಯಾಪದ ಬರುವಷ್ಟರಲ್ಲಿ ಗುಡಿ ಬಂದಿತ್ತು

ನಮ್ಮ ಶೆಟ್ಟಿಹಳ್ಳಿಯ ಮೂವರು ಹುಡುಗರು ದೊಡ್ಡಬಳ್ಳಾಪುರದ ಆಚೆಯ ಮಾಕಳಿದುರ್ಗ ಹತ್ತಿ ಬಂದು 45 ಸೆಕೆಂಡಿನ ರೀಲ್ ಮಾಡಿದ್ದಾರೆ. ಶಾಟ್‌ಗಳು ಚೆನ್ನಾಗಿವೆ. ವಾಯ್ಸ್ ಓವರ್ ಮಾತ್ರ ಅವುಗಳ ಹಿಂದೆ ಏದುಸಿರು ಬಿಡುತ್ತಾ ಓಡುತ್ತದೆ.

ಬೆಟ್ಟ ಹತ್ತುವ ಭಾಗವನ್ನೇ ನೋಡಿ. ಪೊದೆ, ಬಂಡೆ, ಬೆವರಿದ ಮುಖ, ಮತ್ತೆ ಬಂಡೆ: ಒಂದೊಂದಕ್ಕೂ ಒಂದೂವರೆ ಸೆಕೆಂಡಿನಂತೆ ನಾಲ್ಕು ಶಾಟ್, ಒಟ್ಟು ಆರು ಸೆಕೆಂಡು. ಅದರ ಮೇಲೆ ಈ ಮಾತು: "ಇಲ್ಲಿಂದ ಸುಮಾರು ಒಂದು ಗಂಟೆಯ ಕಾಲ ಕಡಿದಾದ ಬಂಡೆಗಳನ್ನು ಏರಿದ ಮೇಲೆ ನಿಮಗೆ ಪುರಾತನ ಶಿವ ದೇವಾಲಯವೊಂದು ಕಾಣಸಿಗುತ್ತದೆ." ಎಣಿಸಿದರೆ 48 ಅಕ್ಷರ. ಸೆಕೆಂಡಿಗೆ ಎಂಟರಂತೆ ಓದಿದರೆ ಮಾತ್ರ ಹಿಡಿಯುತ್ತದೆ. ಅಷ್ಟು ವೇಗವಾದರೆ ನಮ್ಮ ಕಿವಿ ಮಾತನ್ನು ಹಿಂಬಾಲಿಸುವುದರಲ್ಲೇ ಮುಳುಗುತ್ತದೆ, ಕಣ್ಣು ಬೆಟ್ಟ ಬಿಡುತ್ತದೆ. ಹುಡುಗ ಸ್ವಲ್ಪ ನಿಧಾನಿಸಿ ಓದಿದ್ದಾನೆ, ಹಾಗಾಗಿ "ಕಾಣಸಿಗುತ್ತದೆ" ಎನ್ನುವ ಹೊತ್ತಿಗೆ ಗುಡಿ ಪರದೆಗೆ ಬಂದು ಎರಡು ಸೆಕೆಂಡಾಗಿದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವವರೆಗೆ ವಾಕ್ಯ ತೆರೆದೇ ಇರುತ್ತದೆ. ಇದು ತೊಡಕಲ್ಲ, ರೀಲ್ ಮಾಡುವವರಿಗೆ ಸಿಕ್ಕ ವರ. "ದಾಟಿ", "ಹಿಡಿದು", "ಹತ್ತಿ" ಎಂಬ ಅರೆಕ್ರಿಯೆಗಳನ್ನು ಒಂದೊಂದು ಕಟ್‌ಗೆ ಒಂದೊಂದರಂತೆ ಇಟ್ಟು, ಪೂರ್ಣಕ್ರಿಯೆಯನ್ನು ತುದಿಯ ಶಾಟ್‌ಗೆ ಉಳಿಸಿಕೊಳ್ಳಬಹುದು: "ಪೊದೆ ದಾಟಿ, ಬಂಡೆ ಹಿಡಿದು, ಉಸಿರು ಬಿಟ್ಟು, ಮತ್ತೆ ಹತ್ತಿ..." ಇಲ್ಲಿಗೆ 18 ಅಕ್ಷರ. ಗುಡಿಯೂ ನಂದಿಯೂ ತೆರೆದುಕೊಂಡಾಗ "ನಂದಿಯ ಮುಂದೆ ಬಂದು ನಿಂತೆವು." ಕಟ್‌ಗಳ ನಡುವೆ ಹೆಜ್ಜೆ ಸಪ್ಪಳಕ್ಕೂ ಜಾಗ ಉಳಿಯಿತು. ಆದರೆ ಈ ಸರಪಳಿಗೆ ಕರ್ತೃ ಒಬ್ಬರೇ ಇರಬೇಕು. ನಡುವೆ ಒಂದು ಕೋತಿಯ ಶಾಟ್ ಬಂದರೆ "ಹತ್ತಿ" ಯಾರದೆಂದು ಗೊಂದಲ, ಅಲ್ಲಿ ವಾಕ್ಯ ಮುಗಿಸಲೇಬೇಕು. ನಾಲ್ಕೈದು ಕಟ್ ಮೀರಿದರೂ ಕೇಳುಗ ಕಾದು ಸುಸ್ತಾಗುತ್ತಾನೆ. ಎಡಿಟಿಂಗ್ ಆ್ಯಪಿನಲ್ಲಿ ಧ್ವನಿಯ ಅಲೆಯನ್ನು ದೊಡ್ಡದು ಮಾಡಿ ನೋಡಿ: ಪೂರ್ಣಕ್ರಿಯೆಯ ಉಬ್ಬು ಕಟ್‌ನ ಗೆರೆ ದಾಟಿ ಎಷ್ಟು ದೂರದಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಪದಗಳ ಆಯ್ಕೆಯಲ್ಲಿ ನನ್ನ ದೊಡ್ಡ ತಕರಾರು "ದುರ್ಗಮ" ಎಂಬುದರ ಬಗ್ಗೆ. ಆ ಮಾತು ಕೇಳಿಸುವಾಗ ಪರದೆಯ ಮೇಲೆ ಚಪ್ಪಲಿ ಹಾಕಿಕೊಂಡ ಪುಟ್ಟ ಹುಡುಗಿ ಆರಾಮಾಗಿ ನಡೆದು ಹೋಗುತ್ತಾಳೆ. ಕಣ್ಣು ನಂಬುವುದು ಹುಡುಗಿಯನ್ನು, ಆಮೇಲೆ ಆ ದನಿಯ ಬೇರೆ ಮಾತುಗಳ ಮೇಲೂ ಅನುಮಾನ. ಬಂಡೆ ಕಾದಿತ್ತು, ಕೈ ಇಡಲಾಗಲಿಲ್ಲ ಎಂದಿದ್ದರೆ ಕ್ಯಾಮೆರಾಕ್ಕೆ ಸಿಗದ್ದು ಸಿಗುತ್ತಿತ್ತು. ಶುರುವಿನಲ್ಲಿ ಬೆಟ್ಟದ ಬುಡದ ಹಳಿಯ ಮೇಲೆ ರೈಲು ಹಾಯುತ್ತದೆ, ಅದರ ಸದ್ದನ್ನು "ಪ್ರಕೃತಿಯ ಮಡಿಲು" ಎಂಬ ಮಾತು ನುಂಗಿಹಾಕಿದೆ. ಅಲ್ಲಿ ಮಾತೇ ಬೇಡ.

ಒಂದು ಕಡೆ ಮಾತ್ರ ಅವರು ಗೆದ್ದಿದ್ದಾರೆ. ತುದಿಯಿಂದ ಕೆಳಗೆ ನೋಡುವ ಶಾಟ್, ಮೂರು ಸೆಕೆಂಡು ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ದಾರದಷ್ಟು ಸಣ್ಣಗೆ ಹಳಿ ಕಾಣುತ್ತದೆ. ಆಗ, ಬರೆದುಕೊಳ್ಳದೆ ಬಾಯಿಗೆ ಬಂದ ದನಿಯಲ್ಲಿ: "ಅಗೋ, ರೈಲು."