ಹತ್ತಿರದ ಆಸ್ಪತ್ರೆ, ಯಾವುದಕ್ಕೆ ಹತ್ತಿರ?

"ಆಕ್ಸಿಡೆಂಟ್ ಆಗಿದೆ, ಹತ್ತಿರದ ಆಸ್ಪತ್ರೆ ಯಾವುದು, ಬೇಗ ಹೇಳಿ." ಇಂಥ ಸಂದೇಶ ನೆಂಟರ, ಗೆಳೆಯರ ವಾಟ್ಸಾಪ್ ಗುಂಪುಗಳಿಗೆ ಆಗಾಗ ಬಂದು ಬೀಳುತ್ತದೆ. ಕಳಿಸಿದವರು ಎಲ್ಲಿದ್ದಾರೆ ಎಂಬುದೊಂದೇ ಅದರಲ್ಲಿ ಇರುವುದಿಲ್ಲ. ಗಾಬರಿಯಲ್ಲಿ ಬಿಟ್ಟುಹೋಯಿತು ಎಂದು ಸುಮ್ಮನಾಗುವುದು ಸುಲಭ. ಆದರೆ ಯಾವ ಗಾಬರಿಯೂ ಇಲ್ಲದೆ "ಇಲ್ಲಿ ಒಳ್ಳೆ ಟೈಲರ್ ಅಂಗಡಿ ಯಾವುದು" ಎಂದು ಕೇಳುವವರೂ ಊರಿನ ಹೆಸರು ಹೇಳುವುದಿಲ್ಲ. ದಾರಿಯಲ್ಲಿ ಎದುರಾದವರನ್ನು ನಿಲ್ಲಿಸಿ ಕೇಳುತ್ತಿದ್ದ ಕಾಲದಲ್ಲಿ ಕೇಳುವವರೂ ಹೇಳುವವರೂ ಒಂದೇ ನೆಲದ ಮೇಲೆ ನಿಂತಿರುತ್ತಿದ್ದರು, ಊರು ಹೇಳಬೇಕಾದ ಪ್ರಮೇಯವೇ ಇರಲಿಲ್ಲ. ಫೋನು ಇಬ್ಬರನ್ನೂ ಬೇರೆಬೇರೆ ಊರಲ್ಲಿ ಕೂರಿಸಿತು. ಕೇಳುವ ರೀತಿ ಮಾತ್ರ ಬದಲಾಗಲಿಲ್ಲ.

ಟೈಲರ್ ಅಂಗಡಿಯ ವಿಷಯದಲ್ಲಿ ಹೋಗುವುದು ಅರ್ಧ ದಿನ, ಅಷ್ಟೆ. ಆಸ್ಪತ್ರೆಯ ವಿಷಯ ಹಾಗಲ್ಲ. ಶಿರಾಡಿ ಘಾಟಿಯನ್ನೇ ತೆಗೆದುಕೊಳ್ಳಿ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಮಾರನಹಳ್ಳಿಯಿಂದ ಗುಂಡ್ಯದ ಕಡೆಗೆ ಇಳಿಯುವ ತಿರುವೊಂದರಲ್ಲಿ ಕಾರು ಮಗುಚಿದೆ ಎಂದುಕೊಳ್ಳೋಣ. ಒಳಗಿದ್ದವರು "ಶಿರಾಡಿ ಘಾಟಿಯಲ್ಲಿದ್ದೇವೆ" ಎಂದರೂ ಉತ್ತರ ಸಿಗುವುದಿಲ್ಲ. ಘಾಟಿಯ ಮೇಲ್ತುದಿ ಹಾಸನ ಜಿಲ್ಲೆ, ಕೆಳತುದಿ ದಕ್ಷಿಣ ಕನ್ನಡ. ಮೇಲ್ತುದಿಯ ಹತ್ತಿರವಿದ್ದರೆ ಸಕಲೇಶಪುರಕ್ಕೆ ಹೋಗಬೇಕು, ಕೆಳತುದಿಯ ಹತ್ತಿರವಿದ್ದರೆ ನೆಲ್ಯಾಡಿ, ಉಪ್ಪಿನಂಗಡಿಯ ಕಡೆಗೆ. ಆಂಬುಲೆನ್ಸ್ ತಪ್ಪು ತುದಿಯಿಂದ ಹೊರಟರೆ ಇಡೀ ಘಾಟಿಯ ತಿರುವುಗಳನ್ನೆಲ್ಲ ದಾಟಿ ಬರಬೇಕು. ನಡುವೆ ಲಾರಿಗಳು ಸಾಲುಗಟ್ಟಿದ್ದರಂತೂ ಕೇಳುವುದೇ ಬೇಡ.

ಹೇಳಬೇಕಾದ್ದು ರಸ್ತೆಯ ಬದಿಯಲ್ಲೇ ಬರೆದಿರುತ್ತದೆ. ಹಳದಿ ತಲೆಯ ಕಿಲೋಮೀಟರ್ ಕಲ್ಲು ರಾಷ್ಟ್ರೀಯ ಹೆದ್ದಾರಿಯ ಗುರುತು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು. ಆ ಕಲ್ಲಿನ ಮೇಲೆ ಯಾವ ಊರು, ಎಷ್ಟು ಕಿಲೋಮೀಟರ್ ಎಂದು ಇದೆಯೋ ಅದನ್ನು ಇದ್ದ ಹಾಗೇ ಓದಿ ಹೇಳಿದರೆ ಸಾಕು. ಅದರ ಜೊತೆಗೆ ಯಾವ ದಿಕ್ಕಿಗೆ ಹೋಗುತ್ತಿದ್ದಿರಿ ಎಂಬುದನ್ನೂ ಹೇಳಬೇಕು. ನಡುವೆ ವಿಭಜಕ ಇರುವ ಚತುಷ್ಪಥದಲ್ಲಿ ಎದುರು ಬದಿಗೆ ಬಂದ ವಾಹನ ನಿಮ್ಮನ್ನು ಕಣ್ಣಾರೆ ನೋಡಿದರೂ ಮುಂದೆ ಹೋಗಿ ತಿರುಗಿಸಿಕೊಂಡೇ ಬರಬೇಕಾಗುತ್ತದೆ.

ಮಾತಿನ ಕ್ರಮವೂ ಮುಖ್ಯ. ನಮ್ಮಲ್ಲಿ ಬಹಳ ಜನ ಏನಾಯಿತು, ಹೇಗಾಯಿತು ಎಂದು ಶುರುಮಾಡಿ ಜಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಘಾಟಿಯಲ್ಲಿ ಸಿಗ್ನಲ್ ಯಾವ ಗಳಿಗೆಯಲ್ಲಿ ಹೋಗುತ್ತದೋ ಹೇಳಲಾಗದು. ಜಾಗ ಮೊದಲೇ ಹೇಳಿದ್ದರೆ ಕರೆ ಕಡಿದರೂ ಆಂಬುಲೆನ್ಸ್ ಹೊರಡಬಹುದು. ಬರೀ ಪೆಟ್ಟಿನ ವಿವರ ತಲುಪಿ ಕರೆ ಕಡಿದರೆ ಯಾರೂ ಎಲ್ಲಿಗೂ ಹೊರಡಲಾರರು. 2008ರಿಂದ ನಮ್ಮಲ್ಲಿರುವ 108ಕ್ಕೆ ಕರೆ ಮಾಡಿದಾಗ ಆ ಬದಿಯವರು ಜಿಲ್ಲೆ, ತಾಲ್ಲೂಕು, ಊರು ಎಂದು ಕೇಳುವುದನ್ನು ಕಾಲಹರಣ ಎಂದು ಬೈಯುವವರಿದ್ದಾರೆ. ಹೊಸಹಳ್ಳಿ, ರಾಂಪುರ ಎಂಬ ಊರುಗಳು ಈ ರಾಜ್ಯದಲ್ಲಿ ಎಷ್ಟೆಲ್ಲ ಕಡೆ ಇವೆ ಎಂಬುದನ್ನು ನೆನೆದರೆ ಆ ಪ್ರಶ್ನೆಗಳು ಎಷ್ಟು ಅಗತ್ಯ ಎಂದು ತಿಳಿಯುತ್ತದೆ.

ಫೋನಿನ ನಕ್ಷೆ ಇದೆಯಲ್ಲ ಎನ್ನಬಹುದು. ಇದೆ, ಆದರೆ ನೀಲಿ ಚುಕ್ಕೆಯ ಸುತ್ತ ಕಾಣುವ ತಿಳಿನೀಲಿ ವೃತ್ತವನ್ನೂ ನೋಡಬೇಕು. ಅದು ದೊಡ್ಡದಾಗಿದ್ದರೆ ನೀವು ಆ ವೃತ್ತದೊಳಗೆ ಎಲ್ಲೋ ಇದ್ದೀರಿ ಎಂದಷ್ಟೇ ಅರ್ಥ. ಇಂಟರ್‌ನೆಟ್ ಇಲ್ಲದಿದ್ದರೆ ನಕ್ಷೆಯ ಚಿತ್ರ ಬರದೇ ಇರಬಹುದು, ಆದರೂ ಉಪಗ್ರಹದಿಂದ ಅಕ್ಷಾಂಶ, ರೇಖಾಂಶ ಸಿಗುತ್ತವೆ. ಆ ಅಂಕಿಗಳನ್ನು ಸಾದಾ ಎಸ್‌ಎಂಎಸ್‌ನಲ್ಲಿ ಕಳಿಸಬಹುದು. ಬಿಂದುವಿನ ನಂತರ ನಾಲ್ಕು ಅಂಕಿ ಕೊಟ್ಟರೆ ಜಾಗ ಸುಮಾರು 11 ಮೀಟರ್ ಅಳತೆಗೆ ಸಿಗುತ್ತದೆ. ಎರಡಕ್ಕೇ ನಿಲ್ಲಿಸಿದರೆ ಸುಮಾರು ಒಂದು ಕಿಲೋಮೀಟರ್ ಹುಡುಕಬೇಕು.

ಆದರೂ ಕೇಳುವವರಿಗಿಂತ ಹೆಚ್ಚಿನ ತಪ್ಪು ಉತ್ತರಿಸುವವರದ್ದು ಎಂಬುದೇ ನನ್ನ ಅಭಿಪ್ರಾಯ. ಗಾಯಾಳುವಿನ ಪಕ್ಕ ಕೂತವರ ತಲೆ ಓಡದಿರುವುದು ಸಹಜ. ಮನೆಯಲ್ಲಿ ಕೂತು ಸಂದೇಶ ಓದುವವರಿಗೆ ಆ ಕಷ್ಟವಿಲ್ಲ. ಅವರೇ "ಎಲ್ಲಿದ್ದೀರಿ" ಎಂದು ಕೇಳದೆ ತಮಗೆ ಗೊತ್ತಿರುವ ಆಸ್ಪತ್ರೆಯ ಹೆಸರು ಬರೆದುಬಿಡುತ್ತಾರೆ. ಮಂಗಳೂರಿನವರು ಮಂಗಳೂರಿನದು, ಹಾಸನದವರು ಹಾಸನದ್ದು. ಐದು ನಿಮಿಷದಲ್ಲಿ ಆರು ಹೆಸರು ಬಂದಿರುತ್ತವೆ; ಕಾರಿನ ಪಕ್ಕ ನಿಂತವರು ಆರರಲ್ಲಿ ಒಂದನ್ನು ಊಹೆಯಿಂದ ಆರಿಸಬೇಕು. ನೆರವಾಗಬೇಕೆಂಬ ಅವರ ಮನಸ್ಸು ನಿಜವಾದದ್ದೇ. ಆ ಮನಸ್ಸು ಮೊದಲು ಬರೆಯಬೇಕಾದ್ದು ಆಸ್ಪತ್ರೆಯ ಹೆಸರನ್ನಲ್ಲ: "108ಕ್ಕೆ ಫೋನ್ ಮಾಡಿದ್ರಾ? ಪಕ್ಕದ ಕಲ್ಲಿನ ಮೇಲೆ ಏನು ಬರೆದಿದೆ, ಓದಿ ಹೇಳಿ."